ಸಣ್ಣ ಮೀನು ಬೇಡವೆಂದವಳು

ರಾಯಚೂರಿನ ಮೀನು ಮಾರ್ಕೆಟ್ಟಿನಲ್ಲಿ ನನ್ನ ಬಾಯಿಗೆ ಹೆದರದವರು ಕಡಿಮೆ. ಮನೆಯಲ್ಲಿ ನಾವು ದಖನಿ ಮಾತಾಡುವವರು, ಓದಿದ್ದು ಕನ್ನಡ ಶಾಲೆಯಲ್ಲಿ, ಬೈಯುವುದು ಎರಡರಲ್ಲೂ ಬರುತ್ತದೆ. ಗಂಡ ಇದ್ದಾಗ ಅವರು ಕೆರೆಗೆ ಹೋಗುತ್ತಿದ್ದರು, ನಾನು ಅಂಗಡಿಯಲ್ಲಿ ಕೂರುತ್ತಿದ್ದೆ. ಅವರು ತೀರಿದ ಮೇಲೆ ಎರಡೂ ನನ್ನ ತಲೆಗೇ ಬಂದವು. ಹಾಗೆ ಮಾನ್ವಿ ಕಡೆಯ ಆ ಕೆರೆಗೂ ನನಗೂ ನಂಟು ಬೆಳೆಯಿತು.

ಆ ಕೆರೆಯ ಕೊರಮೀನಿಗೆ ನಮ್ಮ ಮಾರ್ಕೆಟ್ಟಿನಲ್ಲಿ ಬಹಳ ಹೆಸರು. ಕೊರಮೀನೆಂದರೆ ಹಾವಿನ ತಲೆಯ ಮೀನು, ನೀರಿನಿಂದ ಮೇಲೆದ್ದು ಗಾಳಿ ಕುಡಿಯುವ ಗಟ್ಟಿ ಜೀವ. ಜೀವಂತ ಒಯ್ದು ಡ್ರಮ್ಮಿನಲ್ಲಿ ಬಿಟ್ಟರೆ ಗಿರಾಕಿ ತಾನೇ ಬರುತ್ತಾನೆ. ಇದರ ಮರಿಗಳನ್ನು ಆ ಕೆರೆಗೆ ಯಾರೂ ತಂದು ಬಿಡುವುದಿಲ್ಲ. ಮಳೆಗಾಲದಲ್ಲಿ ಕೆರೆಯ ಜೊಂಡಿನಲ್ಲಿ ತಾನೇ ಮೊಟ್ಟೆಯಿಟ್ಟು, ತಂದೆತಾಯಿ ಕೆಂಪನೆಯ ಮರಿಗುಂಪನ್ನು ಕಾಯುತ್ತವೆ. ಕೆರೆ ತನ್ನ ಮೀನನ್ನು ತಾನೇ ಹೆರಬೇಕು.

ಅಲ್ಲಿನ ಮೀನುಗಾರರ ಸಂಘದ ಅಧ್ಯಕ್ಷರನ್ನು ನಾನು ಅಣ್ಣಾ ಎನ್ನುತ್ತಿದ್ದೆ, ಅವರಿಗೆ ನಾನು ಆಪಾ, ಎಂದರೆ ಅಕ್ಕ. ಅವರ ಹೆಂಡತಿಯ ತಮ್ಮನೂ ಅದೇ ಸಂಘದ ಸದಸ್ಯ, ಅವರನ್ನು ಮಾವಾ ಎನ್ನುತ್ತಿದ್ದ. ಮಾತು ಕಡಿಮೆ, ಕೆಲಸಕ್ಕೆ ಗಟ್ಟಿ. ನನ್ನ ಡ್ರಮ್ಮುಗಳನ್ನು ಗಾಡಿಗೆ ಏರಿಸಿಕೊಡುತ್ತಿದ್ದವನು ಅವನೇ.

ಮೀನು ಹಿಡಿಯುವುದಕ್ಕೆ ಮಿತಿ ಹಾಕಬೇಕೆಂದು ಸಂಘದವರೇ ತೀರ್ಮಾನಿಸಿ, ಮೀನುಗಾರಿಕೆ ಓದಿದ ಒಬ್ಬ ಮೇಡಂ ಅವರನ್ನು ಕರೆಸಿದ್ದರು. ಹಿಂದಿನ ವರ್ಷಗಳ ಹಿಡಿತ ನೋಡಿ ಅವರು ವರ್ಷಕ್ಕೆ ಇಷ್ಟೇ ಎಂದು ಒಂದು ತೂಕ ಹೇಳಿದರು. ಗರಿಷ್ಠ ಸುಸ್ಥಿರ ಇಳುವರಿ ಎಂದು ಅದರ ಹೆಸರು. ಹೆಸರು ಕೇಳಿ ಎಲ್ಲರೂ ಮುಖಮುಖ ನೋಡಿಕೊಂಡಾಗ ಮೇಡಂ ನಕ್ಕು ಕೋಳಿಯ ಲೆಕ್ಕಕ್ಕೆ ಇಳಿದರು.

"ಎರಡೇ ಕೋಳಿ ಇದ್ರ ಮರಿ ಕಡಿಮಿ. ಹಿತ್ತಲ ತುಂಬ ಕೋಳಿ ಇದ್ರೂ ಕಾಳು ಸಾಲೂದಿಲ್ಲ, ಮರಿ ಉಳಿಯೂದಿಲ್ಲ. ನಡುವ ಒಂದು ಹದ ಅದ, ಆಗ ಮರಿ ಭಾಳ ಉಳೀತಾವ. ವರ್ಷಕ್ಕ ಅಷ್ಟ ಮಾರಿದ್ರ ಹಿತ್ತಲ ಖಾಲಿ ಆಗೂದಿಲ್ಲ. ಕೆರಿನೂ ಹಂಗ."

"ತಾಯಿಕೋಳಿ ಮುಟ್ಟಬಾರ್ದು, ಅಷ್ಟ ತಾನ?" ಎಂದರು ಅಧ್ಯಕ್ಷರು.

"ಅಷ್ಟ. ಆದ್ರ ಇದು ಒಳ್ಳೆ ಮಳಿ ಆದ ವರ್ಷಗಳ ಲೆಕ್ಕ. ವರ್ಷಾ ನೋಡಬೇಕು, ತಿದ್ದಬೇಕು."

ಕೊನೆಯ ಮಾತು ಯಾರ ಕಿವಿಗೂ ಹೋಗಲಿಲ್ಲ. ನನ್ನ ಕಿವಿಗಂತೂ ಇಲ್ಲವೇ ಇಲ್ಲ. ನನಗೆ ಕೇಳಿಸಿದ್ದು ಮಿತಿ ಎಂಬ ಒಂದೇ ಶಬ್ದ. ತೂಕಕ್ಕೆ ಮಿತಿ ಬಿದ್ದರೆ ಆ ತೂಕವೆಲ್ಲ ದೊಡ್ಡ ಮೀನೇ ಆಗಿರಲಿ ಎಂದು ನಾನು ಅಂದೇ ದಂಡೆಯ ಮೇಲೆ ನಿಂತು ಹೇಳಿಬಿಟ್ಟೆ. "ನೋಡ್ರಪಾ, ಅಂಗೈ ಉದ್ದದ ಮೀನು ನನ್ನ ತಕ್ಕಡಿಗೆ ತರಬ್ಯಾಡ್ರಿ. ನಿಮ್ಮ ಕೋಟಾನೂ ಹಾಳು, ನನ್ನ ಡ್ರಮ್ಮೂ ಹಾಳು."

ಮೊದಲು ಸಣ್ಣ ಮೀನೂ ದಂಡೆಗೆ ಬರುತ್ತಿತ್ತು, ಊರಿನ ಹೆಂಗಸರು ಬುಟ್ಟಿಯಲ್ಲಿ ಒಯ್ದು ಮಾರುತ್ತಿದ್ದರು. ನನ್ನ ಮಾತಿನ ನಂತರ ಅದು ನಿಂತಿತು. ಪುಟ್ಟಿಯಲ್ಲಿ, ಎಂದರೆ ಅವರ ಬಿದಿರಿನ ದುಂಡು ದೋಣಿಯಲ್ಲಿ, ನೀರು ತುಂಬಿದ ಟಬ್ಬು ಇಟ್ಟುಕೊಂಡು ಹಿಡಿಯುತ್ತಿದ್ದರು. ದೊಡ್ಡದು ಸಿಗದಿದ್ದರೆ ಇರಲಿ ಎಂದು ಬೆಳಿಗ್ಗೆ ಸಿಕ್ಕ ಸಣ್ಣವನ್ನೂ ಅದಕ್ಕೇ ಹಾಕುತ್ತಿದ್ದರು, ಬಿಸಿಲಿಗೆ ಕಾದ ನೀರಿನಲ್ಲಿ ಅವು ಒದ್ದಾಡಿ ಅರೆಜೀವ ಆಗುತ್ತಿದ್ದವು. ಆಮೇಲೆ ದೊಡ್ಡದು ಸಿಕ್ಕರೆ ಜಾಗ ಬೇಕಲ್ಲ, ಸಣ್ಣವನ್ನು ತೆಗೆದು ಜೊಂಡಿನೊಳಕ್ಕೆ ಎಸೆಯುತ್ತಿದ್ದರು. ಎಸೆದದ್ದು ತಕ್ಕಡಿಗೆ ಬರುವುದಿಲ್ಲ, ಮಿತಿಯಲ್ಲಿ ಸೇರುವುದಿಲ್ಲ. ತಕ್ಕಡಿಯ ಪ್ರಕಾರ ಯಾರೂ ಮಿತಿ ಮೀರಲಿಲ್ಲ. ನಿಜಕ್ಕೂ ಕೆರೆಯಿಂದ ಹೋಗುತ್ತಿದ್ದದ್ದು ಎಷ್ಟೋ ಹೆಚ್ಚು, ಹೋಗುತ್ತಿದ್ದದ್ದು ಮುಂದಿನ ವರ್ಷದ ತಾಯಂದಿರು. ನಾನು ದಂಡೆಯಲ್ಲೇ ನಿಂತಿರುತ್ತಿದ್ದೆ. ಕಾಣುತ್ತಿರಲಿಲ್ಲ ಎಂದು ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಲಿ.

ಎರಡು ವರ್ಷ ಚೆನ್ನಾಗಿ ನಡೆಯಿತು. ಮರುವರ್ಷ ಮಳೆ ಕೈಕೊಟ್ಟಿತು, ಕಾಲುವೆಯ ನೀರೂ ತಡವಾಯಿತು. ಜೊಂಡು ಒಣಗಿ ನಿಂತಿತು, ಮೊಟ್ಟೆ ಇಡಲು ಅಂಚಿನಲ್ಲಿ ನೀರೇ ಇಲ್ಲ. ಕೆರೆ ಕುಗ್ಗಿ ತೂಬಿನ ಹತ್ತಿರದ ಗುಂಡಿಗೆ ಬಂದು ನಿಂತಾಗ ಇದ್ದಬದ್ದ ಮೀನೆಲ್ಲ ಅಲ್ಲಿಗೇ ಬಂದು ಸೇರಿತು. ಬಲೆ ಹಾಕಿದರೆ ಸಾಕು, ತುಂಬಿ ಬರುತ್ತಿತ್ತು. ಹಿಂದೆ ಮಧ್ಯಾಹ್ನದವರೆಗೆ ಹಿಡಿಯುತ್ತಿದ್ದದ್ದು ಈಗ ಚಹಾದ ಹೊತ್ತಿಗೇ ಮುಗಿಯುತ್ತಿತ್ತು. ನಾವು ಅದನ್ನು ದೇವರು ಕೊಟ್ಟ ಬರಕತ್ ಎಂದುಕೊಂಡೆವು.

ಮೇಡಂ ಮತ್ತೆ ಬಂದರು. ಸಂಘದ ಕಟ್ಟೆಯ ಮೇಲೆ ಸಭೆ. ಈ ವರ್ಷ ಮಿತಿಯನ್ನು ಅರ್ಧಕ್ಕೆ ಇಳಿಸಿ ಎಂದರು.

"ಹದ್ದು ಬಂದು ಅರ್ಧ ಕೋಳಿ ಒಯ್ದಾವ ಅಂತ ತಿಳಕೊಳ್ರಿ. ಮರಿನೂ ಕಡಿಮಿ ಹುಟ್ಟತಾವ. ನೀವು ಹಳೇ ಲೆಕ್ಕದಾಗ ಮಾರಿದ್ರ ತಾಯಿಕೋಳೀನ ಮಾರತೀರಿ. ಮರುವರ್ಷ ಮರಿ ಇನ್ನೂ ಕಡಿಮಿ, ನೀವು ಮಾರೂದು ಅಷ್ಟ. ಹಿಂಗ ಕುಸೀತದ. ಮೀನು ಒಂದ ಕಡೆ ಕೂಡಿದ್ದಕ್ಕ ಬಲಿ ತುಂಬಾಕತ್ತದ, ಮೀನು ಹೆಚ್ಚಾಗಿ ಅಲ್ಲ."

ಅಧ್ಯಕ್ಷರು ತಲೆ ಕೆರೆದುಕೊಂಡರು, ಒಪ್ಪುವ ಮನಸ್ಸಿತ್ತು. ನನಗೆ ರಾಯಚೂರಿನ ಹೋಟೆಲುಗಳಿಗೆ ಕೊಟ್ಟ ಮಾತು ನೆನಪಾಯಿತು, ರಕ್ತ ಬಿಸಿಯಾಯಿತು. ಎದ್ದು ನಿಂತೆ.

"ಮೇಡಂ, ತಪ್ಪ ತಿಳೀಬ್ಯಾಡ್ರಿ. ಪುಸ್ತಕದಾಗಿನ ಮೀನು ಬ್ಯಾರೆ, ಪುಟ್ಟಿಯಾಗಿನ ಮೀನು ಬ್ಯಾರೆ. ಪುಟ್ಟಿ ತುಂಬಿ ಬರಾಕತ್ತಾವ, ನೀವು ಮೀನಿಲ್ಲ ಅಂತೀರಿ. ಕಣ್ಣ ನಂಬೂದೋ, ನಿಮ್ಮ ಕೋಳಿ ನಂಬೂದೋ?"

ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನಲ್ಲಿ ಸಭೆ ಮುಗಿಯಿತು, ಮಿತಿ ಹಳೆಯದೇ ಉಳಿಯಿತು. ಮೇಡಂ ನನ್ನತ್ತ ಒಮ್ಮೆ ನೋಡಿ ಚೀಲ ಎತ್ತಿಕೊಂಡರು. ನನಗೆ ಆ ದಿನ ಗೆದ್ದಷ್ಟು ಖುಷಿ. ದಾರಿಯಲ್ಲಿ ನೀರಮಾನ್ವಿಯಲ್ಲಿ ಗಾಡಿ ನಿಲ್ಲಿಸಿ ಮಿರ್ಚಿ ಭಜಿ ತಿಂದೆ.

ಮುಂದಿನ ಮಳೆಗಾಲ ಕೆರೆ ತುಂಬಿತು. ನೀರು ತುಂಬಿತು, ಮೀನು ತುಂಬಲಿಲ್ಲ. ಜೊಂಡಿನಲ್ಲಿ ಕೆಂಪು ಮರಿಗುಂಪು ಹುಡುಕಿದರೂ ಇಲ್ಲ. ಹಬ್ಬಗಳ ಹೊತ್ತಿಗೆ ದಿನವಿಡೀ ಬಲೆ ಬಿಟ್ಟರೂ ಟಬ್ಬಿನ ತಳ ಮುಚ್ಚುತ್ತಿರಲಿಲ್ಲ. ಮಿತಿಯ ಹತ್ತಿರಕ್ಕೂ ಯಾರೂ ಹೋಗಲಿಲ್ಲ.

ಆಗ ಶುರುವಾಯಿತು ಕಳ್ಳನ ಹುಡುಕಾಟ. ಮಿತಿ ಮೀರಿಲ್ಲ ಅಂದಮೇಲೆ ಯಾರೋ ಕದ್ದಿರಬೇಕಲ್ಲ! ಹಿಂದಿನ ಬೇಸಿಗೆಯಲ್ಲಿ ಜೊಂಡಿನ ಅಂಚಿಗೆ ಸತ್ತ ಸಣ್ಣ ಕೊರಮೀನು ತೇಲಿ ಬಂದಿದ್ದು ಒಬ್ಬನಿಗೆ ನೆನಪಾಯಿತು. ವಿಷ ಹಾಕಿದ್ದಾರೆ ಎಂದ. ಅದು ಯಾರ ಪುಟ್ಟಿ ಕಟ್ಟುವ ಜಾಗ? ಅಧ್ಯಕ್ಷರ ಹೆಂಡತಿಯ ತಮ್ಮನದು. ಮಾತು ಬೆಂಕಿಯಂತೆ ಹಬ್ಬಿತು. ಅವು ಎಲ್ಲರೂ ಎಸೆದ ಮೀನು, ಗಾಳಿಗೆ ಆ ಕಡೆ ಸೇರಿದವು. ಅದು ಅಲ್ಲಿದ್ದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಆದರೆ ಪ್ರತಿಯೊಬ್ಬನೂ, ನಾನು ಎಸೆದದ್ದು ನಾಲ್ಕೇ ಮೀನು, ಅಷ್ಟಕ್ಕೆ ಕೆರೆ ಖಾಲಿಯಾಗುತ್ತದೆಯೇ ಎಂದುಕೊಂಡಿದ್ದ.

ಸಭೆಯಲ್ಲಿ ಅವನನ್ನು ನಡುವೆ ನಿಲ್ಲಿಸಿದರು. ಅಧ್ಯಕ್ಷರ ಮುಖ ಕಪ್ಪಿಟ್ಟಿತ್ತು. ಸಂಬಂಧಿ ಎಂದು ಬಿಟ್ಟರೆ ಊರು ಬಿಡದು.

"ಇಷ ಹಾಕಿದೇನಲೇ?" ಎಂದು ಅವರೇ ಕೇಳಿದರು.

"ಇಲ್ಲ ಮಾವಾ. ಎಸದೀನಿ. ಎಲ್ಲಾರೂ ಎಸದಾರ. ಆಪಾನ್ನ ಕೇಳ್ರಿ."

ಎಲ್ಲರ ಕಣ್ಣು ನನ್ನ ಮೇಲೆ. ಮಾರ್ಕೆಟ್ಟಿನಲ್ಲಿ ಒಂದು ಮಾತಿಗೆ ಹತ್ತು ಆಡುವವಳು ನಾನು. ಆ ಹೊತ್ತು, ಹೌದು, ಸಣ್ಣದು ಬೇಡ ಎಂದವಳು ನಾನೇ, ಮಿತಿ ಇಳಿಸಬೇಡಿ ಎಂದು ನಗಿಸಿದವಳೂ ನಾನೇ ಎಂದು ಎರಡು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅದನ್ನು ಬಿಟ್ಟು, "ನಾ ತಕ್ಕಡಿ ಮುಂದಿದ್ದದ್ದಷ್ಟ ನೋಡೀನಿ" ಎಂದೆ. ಥೂ ನನ್ನ ಜನ್ಮಕ್ಕೆ!

ಅವನ ಹೆಸರನ್ನು ಸಂಘದಿಂದ ತೆಗೆದರು. ಸಂಘದಲ್ಲಿ ಇಲ್ಲದವನು ಆ ಕೆರೆಗೆ ಬಲೆ ಇಳಿಸುವಂತಿಲ್ಲ. ಅವನು ಹೆಂಡತಿಯೊಡನೆ ದೇವದುರ್ಗದ ಕಡೆ ಹೆಂಡತಿಯ ತವರಿಗೆ ಹೋದ, ಯಾರದೋ ಗದ್ದೆಯಲ್ಲಿ ಕೂಲಿಗೆ ನಿಂತ ಎಂದು ಸುದ್ದಿ ಬಂತು.

ನನಗೆ ಅನ್ನ ಸೇರದಾಯಿತು. ಕೊನೆಗೆ ಮೇಡಂ ಇದ್ದಲ್ಲಿಗೆ ಹೋಗಿ ಎಲ್ಲ ಹೇಳಿದೆ, ಎಸೆದ ಮೀನಿನ ಸಂಗತಿಯನ್ನೂ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಎಸೆದದ್ದು ನನ್ನ ಲೆಕ್ಕದಾಗ ಇರಲಿಲ್ಲ ಆಪಾ. ಲೆಕ್ಕ ತುದೀಮ್ಯಾಲ ನಿಂತಿತ್ತು, ಒಂದ ಕೆಟ್ಟ ವರ್ಷ ಸಾಕಾತು. ನಾನೂ ಅಷ್ಟು ತುದಿಗೆ ಇಡಬಾರ್ದಿತ್ತು, ಕೈ ಹಿಡದು ಕಡಿಮಿ ಹೇಳಬೇಕಿತ್ತು" ಎಂದರು. ತಪ್ಪನ್ನು ಅವರು ಅಷ್ಟು ಸುಲಭವಾಗಿ ಹಂಚಿಕೊಂಡದ್ದು ನೋಡಿ ನನಗೆ ಇನ್ನಷ್ಟು ನಾಚಿಕೆಯಾಯಿತು.

ಮೇಡಂ ಜೊತೆಯಲ್ಲಿ ಸಂಘದ ಮುಂದೆ ಹೋಗಿ ನಿಂತು, ಅಂದು ಆಡದ ಮಾತು ಆಡಿದೆ. ಯಾರೂ ನಗಲಿಲ್ಲ. ಒಬ್ಬೊಬ್ಬರೇ ತಾವೂ ಎಸೆದದ್ದನ್ನು ಒಪ್ಪಿದರು. ಉಳಿದ ತಾಯಿಮೀನು ಮೊಟ್ಟೆ ಇಟ್ಟು ಮರಿ ದೊಡ್ಡವಾಗುವವರೆಗೆ ಕೆರೆಯಲ್ಲಿ ಕೊರಮೀನು ಹಿಡಿಯಬಾರದು, ಆಮೇಲೂ ಹಿಡಿದ ಪ್ರತಿ ಮೀನನ್ನೂ ದಂಡೆಗೆ ತಂದು ಸಣ್ಣದಿರಲಿ ದೊಡ್ಡದಿರಲಿ ತೂಗಬೇಕು, ಮಿತಿ ವರ್ಷವರ್ಷವೂ ತಿದ್ದಬೇಕು ಎಂದಾಯಿತು. ಅವನ ಹೆಸರನ್ನು ಮತ್ತೆ ಸೇರಿಸಿದರು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಕರಕೊಂಡ ಬರೂಣು ನಡೀರಿ ಆಪಾ" ಎಂದರು.

ಇಬ್ಬರೂ ದೇವದುರ್ಗಕ್ಕೆ ಹೋದೆವು. ಅವನು ಭತ್ತದ ಗದ್ದೆಯ ಬದುವಿನ ಮೇಲೆ ಕೆಸರು ಕಾಲಲ್ಲೇ ಬಂದು ನಿಂತ. ಅಧ್ಯಕ್ಷರಿಗೆ ನಮಸ್ಕಾರ ಮಾಡಿದ. ನನಗೂ ಮಾಡಿದ.

"ತಪ್ಪಾತಪಾ. ನಿನ್ನ ಹೆಸರು ಮತ್ತ ಸೇರಿಸೀವಿ. ಬಾ ಮನಿಗೆ" ಎಂದರು ಅಧ್ಯಕ್ಷರು.

"ಕೆರಿ?"

"ಸದ್ಯಕ್ಕ ಮುಚ್ಚೀವಿ."

ಅವನು ನನ್ನನ್ನೇ ನೋಡಿದ. ಸಿಟ್ಟಿರಲಿಲ್ಲ, ಅದೇ ನನ್ನನ್ನು ಸುಟ್ಟದ್ದು. "ಹೆಸರು ಕೊಟ್ರಿ ಆಪಾ, ಚಲೋ ಆತು. ಬಂದು ಏನ ಹಿಡೀಲಿ?"

ಅವನು ಬರಲಿಲ್ಲ. ನಾಟಿ ಮುಗಿಯಲಿ, ನೋಡೋಣ ಎಂದಷ್ಟೇ ಹೇಳಿ ಗದ್ದೆಗಿಳಿದ.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಫೋನು ರಿಂಗಾಯಿತು. ಹೋಟೆಲಿನವರು, ನಾಳೆಗೆ ಕೊರಮೀನು ಬೇಕಂತೆ. ಆಂಧ್ರದ ಹೊಂಡದಲ್ಲಿ ಸಾಕಿದ್ದು ತರಿಸುತ್ತೇನೆ ಎಂದೆ. ಬೆಳಿಗ್ಗೆ ಲಾರಿ ಬಂತು, ಡ್ರಮ್ಮು ತುಂಬಿತು, ಗಿರಾಕಿಗಳೂ ಬಂದರು. ಆ ಕೆರೆ ಹಾಳಾದ ಮೇಲೆ ನನ್ನ ಅಂಗಡಿ ಒಂದು ದಿನವೂ ಮುಚ್ಚಿಲ್ಲ.