ಹಿಡಿಕೆ ಮುರಿದ ರಂದಾ

ನಮ್ಮ ಚರ್ಚಿನ ಹಳೆಯ ಕಪಾಟಿನಲ್ಲಿ ಮಿಷನ್ನಿನ ಬಡಿಗತನದ ಕಾರ್ಖಾನೆಯ ಫೋಟೊ ಒಂದು ಸಿಕ್ಕಿತು. ಗೋಡೆಯ ತುಂಬ ಹತಾರಗಳು, ಅವುಗಳ ಮುಂದೆ ಸಾಲಾಗಿ ನಿಂತ ಎಂಟು ಜನ. ಅವರಲ್ಲೊಬ್ಬ ನನ್ನಪ್ಪ. ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಒಂದೊಂದು ಹತಾರದ ಹೆಸರೂ ಬರೆದುಕೊಡುತ್ತೇನೆಂದು ಕೈ ಎತ್ತಿದವಳು ನಾನೇ. ಮೇಷ್ಟರಿಕೆಯಿಂದ ನಿವೃತ್ತಳಾದರೂ ನನಗೆ ಸುಮ್ಮನೆ ಕೂಡುವುದು ಬರುವುದಿಲ್ಲ.

ಹೋಲಿಸಿ ನೋಡಲು ಅಪ್ಪನ ಹತಾರದ ಪೆಟ್ಟಿಗೆ ತೆರೆದಿಟ್ಟೆ. ಫೋಟೊವನ್ನು ಮನೆಗೆ ತಂದಿದ್ದ ಚರ್ಚಿನ ಹಿರಿಯರೊಬ್ಬರು ಬಗ್ಗಿ ನೋಡಿದರು. ಆಮೇಲೆ ಚಹಾದ ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದರು.

"ಟೀಚರ್, ಫೋಟೊದಾಗಿನ ಗ್ವಾಡಿ ಮ್ಯಾಲಿನ ಹತಾರ ನಿಮ್ಮ ಮನ್ಯಾಗ ಹ್ಯಾಂಗ ಬಂದಾವರಿ?"

ನಾನು ಪೆಟ್ಟಿಗೆಯ ಮುಚ್ಚಳ ಹಾಕಿದೆ. ಅಪ್ಪ ಬೀದರಿನ ಆ ಕಾರ್ಖಾನೆ ಬಿಟ್ಟು ಔರಾದಿಗೆ ಹೋಗಿ, ಊರೂರು ತಿರುಗಿ ಬಾಗಿಲ ಚೌಕಟ್ಟು ಮಾಡುತ್ತಾ ಮುದುಕನಾದ. ಯಾಕೆ ಬಿಟ್ಟೆ ಎಂದು ಕೇಳಿದಾಗಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ.

ಮೂರು ದಿನ ಊಟ ಸೇರಲಿಲ್ಲ. ಫೋಟೊವನ್ನು ಮೊಬೈಲಿನಲ್ಲಿ ಹಿಗ್ಗಿಸುವುದು, ಪೆಟ್ಟಿಗೆ ತೆರೆಯುವುದು, ಮುಚ್ಚುವುದು, ಇಷ್ಟೇ ಕೆಲಸ. ನಾಲ್ಕನೆಯ ದಿನ ಹತಾರಗಳನ್ನು ಚೀಲಕ್ಕೆ ತುಂಬಿ ಭಾಲ್ಕಿಯ ಬಸ್ಸು ಹತ್ತಿದೆ. ಆ ಎಂಟು ಜನರಲ್ಲಿ ಬದುಕಿ ಉಳಿದಿದ್ದವರು ಅಲ್ಲಿಯ ಮುದುಕರೊಬ್ಬರೇ; ನಾವು ಅವರಿಗೆ ಕಾಕಾ ಎನ್ನುತ್ತಿದ್ದೆವು.

ಕಾಕಾ ಕನ್ನಡಕ ಒರೆಸಿಕೊಂಡು ಫೋಟೊ ನೋಡಿದರು. ಹತಾರಗಳ ಹೆಸರಿನ ನನ್ನ ಪಟ್ಟಿ ಓದಿ ಕೇಳಿಸಿದೆ. ಅವರು ನಕ್ಕರು.

"ಎಲ್ಲಕ್ಕೂ ಉಳಿ ಅಂತ ಬರದೀಯಲ್ಲವ್ವ. ಈ ದಪ್ಪಂದು ಉಳಿ, ಕಟಗಿಯೊಳಗ ತೂತು ಹೊಡಿಯೋದು, ಕೊಡತಿ ಏಟು ತಾಳತದ. ಈ ತೆಳ್ಳಂದು ಪಟಾಶಿ. ಇದನ್ನ ಕೈಲೇ ಒತ್ತಿ ಸವರಬೇಕು, ಏಟು ಹಾಕಬಾರದು."

ಪಾಠ ನನಗೆ ಬೇಕಿರಲಿಲ್ಲ. "ಕಾಕಾ, ಇವು ಮಿಷನ್ನಿನವೋ ನಮ್ಮಪ್ಪನವೋ? ಅಷ್ಟು ಹೇಳ್ರಿ," ಎಂದೆ. ದನಿ ಏರಿತ್ತು.

ಅವರು ಹಲಗೆ ಹೆರೆದು ನುಣುಪು ಮಾಡುವ ಕಟ್ಟಿಗೆಯ ರಂದಾ ಎತ್ತಿಕೊಂಡು ತಳದ ಸೀಳಿನಲ್ಲಿ ಬೆರಳಾಡಿಸಿದರು. "ಇದು ಅವನದೇ. ಕೆಲಸ ಕಲಿತು ಮುಗಿಸಿದವ ತನ್ನ ರಂದಾ ತಾನೇ ಮಾಡಬೇಕು, ಅದೇ ಪರೀಕ್ಷಾ. ಫೋಟೊದಾಗ ಎಂಟು ರಂದಾ ಅದಾವ ನೋಡು, ಎಂಟು ಮಂದಿವು. ಉಳಿ, ಪಟಾಶಿನೂ ಅವನವೇ. ಮಿಷನ್ನಿನವಕ್ಕ ದುಂಡು ಹಿಡಿಕಿ, ತುದಿಗೆ ಕಬ್ಬಿಣದ ಬಳಿ. ಇವಕ್ಕ ಎಂಟು ಮೂಲಿ ಹಿಡಿಕಿ, ಬಳಿ ಇಲ್ಲ."

ಎದೆ ಹಗುರಾಯಿತು. ಚೀಲದ ತಳದಿಂದ ಕೊನೆಯದನ್ನು ತೆಗೆದೆ. ಅಂಗೈ ಅಗಲದ ಕಬ್ಬಿಣದ ರಂದಾ, ಎರಡೂ ಕಡೆ ಸೈಕಲ್ ಹ್ಯಾಂಡಲ್ಲಿನಂತೆ ಹಿಡಿಕೆ. ಎಡಗಡೆಯದು ಅರ್ಧಕ್ಕೇ ಮುರಿದಿತ್ತು.

"ಇದು ಗ್ವಾಡಿ ಮ್ಯಾಲಿಂದಲ್ಲ, ಅಲ್ಲೇನ್ರಿ? ಫೋಟೊದಾಗಿಂದಕ್ಕ ಎರಡೂ ಹಿಡಿಕಿ ಸರಿ ಅದಾವ," ಎಂದೆ. ಮೂರು ದಿನ ಫೋಟೊ ಹಿಗ್ಗಿಸಿ ನಾನು ಕಂಡುಕೊಂಡಿದ್ದ ಒಂದೇ ಧೈರ್ಯ ಅದು.

ಕಾಕಾ ಅದನ್ನು ಮುಟ್ಟಲಿಲ್ಲ.

"ಮಿಷನ್ನಿನ ಸಾಹೇಬ ಇದಕ್ಕ ಸ್ಪೋಕ್‌ಶೇವ್ ಅಂತಿದ್ದ. ನಾವು ಸೇವು ಅಂತಿದ್ವಿ, ತಿನ್ನೋ ಸೇವು. ಕುರ್ಚಿ ಕೈಯಂಥ ಬಾಗಿದ ಕಟಗಿ ಮ್ಯಾಲ ದೊಡ್ಡ ರಂದಾ ಕೂಡಂಗಿಲ್ಲ, ಇದು ಬಾಗಿದಂಗ ಹೋಗತದ. ಇಡೀ ಕಾರ್ಖಾನಿಗಿ ಒಂದೇ ಇತ್ತು. ಎರಕದ ಕಬ್ಬಿಣ, ಬಿದ್ರ ಮುರೀತದ. ನನ್ನ ಕೈಯಾಗಿಂದ ಬಿತ್ತು."

"ಮತ್ತ ನಮ್ಮಪ್ಪನ ಪೆಟ್ಟಿಗಿಯೊಳಗ?"

"ಅಂಜಿ ನಾನೇ ಇಟ್ಟೆ. ಅವನ ಪೆಟ್ಟಿಗಿ ಬಾಜೂಕ ಇತ್ತು. ಕಾರ್ಖಾನಿ ಕೀಲಿಕೈ ಅವನ ತಾಬಾದಾಗ ಇತ್ತು. ಹತಾರ ಇಲ್ಲಂತ ಸಾಹೇಬ ಪೆಟ್ಟಿಗಿನೂ ನೋಡದ ಅವನಿಗೇ ಹೊರಗ ಹಾಕಿದ. ಆಮ್ಯಾಲ ಪೆಟ್ಟಿಗಿ ತೆಗೆದು ನೋಡಿದ ದಿನ ನಂದೇ ಕೆಲಸ ಅಂತ ಅವನಿಗಿ ತಿಳಿದಿರಬೇಕು. ಮುರಿದ ದಿನ ಸೇವು ಯಾರ ಕೈಯಾಗಿತ್ತಂತ ಅವನಿಗಿ ಗೊತ್ತಿತ್ತು."

ನನಗೆ ಮೈ ಉರಿದುಹೋಯಿತು. ವಯಸ್ಸು ನೋಡದೆ ಕೇಳಿಯೇಬಿಟ್ಟೆ. "ಇಷ್ಟು ವರ್ಷ ಬಾಯಿ ಯಾಕ ಬಿಡಲಿಲ್ರಿ?"

"ಅವನೇ ಸುಮ್ಮ ಇದ್ದ. ಅವನೇ ಸುಮ್ಮ ಇದ್ದಾನ, ನಾ ಯಾಕ ಹೇಳ್ಲಿ ಅಂತ ಇದ್ದುಬಿಟ್ಟೆ," ಎಂದರು ಕಾಕಾ. ಆಮೇಲೆ, "ಐತಾರ ನಾ ಚರ್ಚಿಗಿ ಬರ್ತೇನಿ," ಎಂದರು.

ಬಂದರು. ಆರಾಧನೆ ಮುಗಿದ ಮೇಲೆ ಫೋಟೊದ ಪಕ್ಕ ನಿಂತು, ಮುರಿದ ರಂದಾ ಮೇಜಿನ ಮೇಲಿಟ್ಟು, ಎಲ್ಲರೆದುರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹಿರಿಯರು ಅವರ ಭುಜ ತಟ್ಟಿ, "ಹಳೀ ಮಾತು, ಆಗ್ಲಿ ಬಿಡ್ರಿ," ಎಂದರು. ಕಾಕಾ ಒಂದೇ ಸಮನೆ ಅತ್ತು, ಹಗುರಾಗಿ ಮನೆಗೆ ಹೋದರು.

ನಾನು ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಮೂರು ದಿನ ನಾನೂ ಅಪ್ಪನನ್ನು ಕಳ್ಳನೆಂದೇ ತಿಳಿದಿದ್ದೆ. ಅದನ್ನು ಹೇಳಿಕೊಂಡು ಅಳಲು ನನಗೆ ಅಪ್ಪನೇ ಬೇಕಿತ್ತು.