ದೂರು ಗುಮಾಸ್ತರ ಬಾಡಿಗೆ ಕುರ್ಚಿ

ಗೀಸರ್ ಕಂಪನಿಯ ದೂರು ಗುಮಾಸ್ತರು ಮೂರು ವರ್ಷದಿಂದ ಮನೆಯಲ್ಲೇ ಕೂತು, ಬಿಸಿನೀರು ಕಾಣದ ಜನರಿಗೆ ಸಮಾಧಾನದ ಉತ್ತರ ಟೈಪು ಮಾಡುತ್ತಿದ್ದರು. ಮೇಜಿಗೆ ಜಾಗವಿಲ್ಲದ ಮನೆ. ವಾಷಿಂಗ್ ಮಷೀನೇ ಕಚೇರಿ. ಮೊಣಕಾಲು ತೂರಿಸಲು ಅಲ್ಲಿ ಸಂದಿಯಿಲ್ಲ. ಹಾಗಾಗಿ ಸ್ಟೂಲಿನ ಮೇಲೆ ಅಡ್ಡಕ್ಕೆ ಕೂತು, ಕತ್ತನ್ನು ಮಾತ್ರ ಪರದೆಯ ಕಡೆ ತಿರುಗಿಸಿಕೊಂಡಿರುತ್ತಿದ್ದರು. ಈಗೀಗ ಆ ಕತ್ತು ಎಡಕ್ಕೆ ತಿರುಗುವುದನ್ನೇ ಬಿಟ್ಟಿತ್ತು. ಹೆಂಡತಿ ಎಡಗಡೆ ನಿಂತು ಬೈದರೆ ಇಡೀ ಮೈ ತಿರುಗಿಸಿ ಬೈಸಿಕೊಳ್ಳಬೇಕು.

ಅಷ್ಟರಲ್ಲಿ, ಮನೆಯಲ್ಲಿ ಕೂತು ಕೆಲಸ ಮಾಡುವ ಜಾಗ ಹೇಗಿದೆ ಎಂದು ಕಂಪನಿಯಿಂದ ಒಂದು ಪ್ರಶ್ನಾವಳಿ ಬಂತು. ಇವರು ಎಲ್ಲದಕ್ಕೂ 'ಸರಿಯಿದೆ' ಎಂದು ಗುರುತು ಹಾಕಿ ಕಳಿಸಿದ ಮೇಲೆ ಗೊತ್ತಾಯಿತು, ಸುರಕ್ಷತಾಧಿಕಾರಿ ಜಾಗವನ್ನು ವಿಡಿಯೋದಲ್ಲಿ ನೋಡುತ್ತಾರಂತೆ! ಗುಮಾಸ್ತರ ಜೀವ ಬಾಯಿಗೆ ಬಂತು. ಜಾಗ ಸರಿಯಿಲ್ಲವೆಂದರೆ ಮನೆಯಿಂದ ಕೆಲಸ ರದ್ದು, ಮತ್ತೆ ದಿನಕ್ಕೆ ನಾಲ್ಕು ಗಂಟೆ ಬಸ್ಸು ಎಂದು ಅವರೇ ತೀರ್ಮಾನಿಸಿಬಿಟ್ಟರು. ಲ್ಯಾಪ್‌ಟಾಪ್ ಕಂಕುಳಲ್ಲಿಟ್ಟುಕೊಂಡು ಕೆಳಗಿನ ಸಲೂನಿಗೆ ಓಡಿ, ಅರ್ಧ ಗಂಟೆಗೆ ಕುರ್ಚಿ ಬಾಡಿಗೆ ಹಿಡಿದರು.

"ಕುರ್ಚಿ ಚೆನ್ನಾಗಿದೆ ಸಾರ್," ಎಂದರು ಪರದೆಯಲ್ಲಿ ಅಧಿಕಾರಿ ಮೇಡಂ. "ಬೆನ್ನಿಗೂ ಆಸರೆ ಇದೆ, ಪಾದಕ್ಕೂ ಇದೆ. ಪರದೆ ಮಾತ್ರ ಕಣ್ಣಿನ ಮಟ್ಟಕ್ಕೆ ಬರ್ಬೇಕು. ಅದ್ಸರಿ, ಮನೆ ತುಂಬ ಯಾಕೆ ಇಷ್ಟು ಕನ್ನಡಿ? ಬೆಳಕು ಕಣ್ಣಿಗೆ ಹೊಡೆಯಲ್ವಾ?"

"ನಮ್ಮನೆಯವಳಿಗೆ ಅಲಂಕಾರ ಸ್ವಲ್ಪ ಜಾಸ್ತಿ ಮೇಡಂ."

ಆಗಲೇ ಒಬ್ಬ ಮುದುಕರು ಒಳಗೆ ಬಂದು ಸಲೂನಿನವನನ್ನು ಕೇಳಿದರು: "ಇವರದ್ದು ಕಟಿಂಗಾ, ಬರೀ ಗಡ್ಡನಾ?"

"ಎರಡೂ ಅಲ್ಲ ಯಜಮಾನ್ರೇ. ಸುಮ್ನೆ ಕೂತ್ಕೊಳ್ಳೋಕೆ ಬಂದಿದ್ದಾರೆ."

ಗುಮಾಸ್ತರು ನಾಚಿಕೆಯಿಂದ ಹಿಡಿಯಾದರು. ವಾಷಿಂಗ್ ಮಷೀನು, ಸ್ಟೂಲು, ಕತ್ತು, ಎಲ್ಲವನ್ನೂ ಒಪ್ಪಿಸಿಬಿಟ್ಟರು.

"ನಿಜ ಹೇಳಿದ್ರೆ ಮನೆಯಿಂದ ಮಾಡೋ ಕೆಲಸ ತಪ್ಪಿಸಲ್ಲ ಸಾರ್," ಎಂದರು ಮೇಡಂ ನಗು ತಡೆದುಕೊಂಡು. "ಕುರ್ಚಿ, ಮಡಚೋ ಮೇಜು, ಬೇರೆ ಕೀಬೋರ್ಡು, ಎಲ್ಲ ಕೊಡೋದು ಕಂಪನಿ ಜವಾಬ್ದಾರಿ. ಬಂದ್ಮೇಲೆ ಮತ್ತೆ ನೋಡ್ತೀನಿ. ನಡುನಡುವೆ ಎದ್ದು ಓಡಾಡಿ. ಆಫೀಸಿನವರು ಯಾರಾದ್ರೂ ಮಾತಾಡಿಸ್ತಾರಾ?"

"ಗೀಸರ್ ಕೆಟ್ಟೋರು ಬೈತಾರೆ ಮೇಡಂ. ಅದೂ ಬರವಣಿಗೇಲಿ."

ಮೇಡಂ ನಗಲಿಲ್ಲ. "ವಾರಕ್ಕೊಂದ್ಸಲ ನಿಮ್ಮ ಮೇಲಿನವರು ಫೋನ್ ಮಾಡ್ಬೇಕು, ತಿಂಗಳಿಗೊಂದ್ಸಲ ಎಲ್ಲರೂ ಸೇರ್ಬೇಕು ಅಂತ ಬರೀತೀನಿ."

ಗುಮಾಸ್ತರು ಕತ್ತು ಉಜ್ಜಿಕೊಂಡರು. ಏನಾದರೂ ಹೇಳಬೇಕಲ್ಲ ಎಂದು ಕೇಳಿದರು: "ನಿಮ್ಮ ಜಾಗ ಯಾರು ನೋಡ್ತಾರೆ ಮೇಡಂ?"

ಆಕೆ ಕ್ಯಾಮೆರಾ ಕೆಳಗೆ ಬಾಗಿಸಿದರು. ಮಂಚ. ಅದರ ಮೇಲೆ ಮೇಜಿನ ಬದಲು ಸೂಟ್‌ಕೇಸು. ಅದರ ಮುಂದೆ ಬೆನ್ನಿಗೆ ದಿಂಬು ಕೊಟ್ಟುಕೊಂಡು, ಕಾಲು ಮಡಚಿ ಕೂತ ಸುರಕ್ಷತಾಧಿಕಾರಿ.

"ನಾನೂ ಎಲ್ಲದಕ್ಕೂ ಸರಿಯಿದೆ ಅಂತಾನೇ ಬರ್ಕೊಟ್ಟಿದ್ದೀನಿ ಸಾರ್."

ಮುದುಕರನ್ನು ಇನ್ನೈದು ನಿಮಿಷ ಕಾಯಲು ಹೇಳಿ, ಗುಮಾಸ್ತರು ಪ್ರಶ್ನಾವಳಿಯನ್ನು ತೆರೆದರು.

"ಮೊದಲನೇ ಪ್ರಶ್ನೆ ಮೇಡಂ. ಬೆನ್ನು ನೋಯುತ್ತಾ?"

"ಹೂಂ," ಎಂದ ಆಕೆಗೆ ನಗುವೂ ಬಂತು, ಅಳುವೂ ಬಂತು. "ತುಂಬಾ."