ಬರಹದಕ್ಕ ಕೈ ಎತ್ತಿದ ಸಭೆ

ರೈತರ ಸಹಕಾರ ಸಂಘದ ಸಾಮಾನ್ಯ ಸಭೆಯಲ್ಲಿ ನಡಾವಳಿ ಬರೆಯುವವಳು ಆಕೆ. ಎಲ್ಲರಿಗೂ ಬರಹದಕ್ಕ. ಆಕೆಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ಸಂಬಳವಿಲ್ಲ. ಅತ್ತೆ ತೀರಿಕೊಂಡ ಮೇಲೆ ಅವರ ಷೇರು ಆಕೆಯ ಹೆಸರಿಗೆ ಬಂದು ಸದಸ್ಯೆಯಾದಳು. ಮೊದಲ ಸಭೆಯಲ್ಲೇ ಮ್ಯಾನೇಜರು, "ನಿಮ್ಮ ಅಕ್ಷರ ಚೆನ್ನಾಗಿದೆಯಂತೆ, ಇದೊಂದು ಸಲ ಬರ್ಕೊಡಿ" ಎಂದು ಪೆನ್ನು ಕೈಗಿಟ್ಟಿದ್ದರು. ಆ ಒಂದು ಸಲ ಇನ್ನೂ ಮುಗಿದಿರಲಿಲ್ಲ.

ಆಕೆಗೆ ಆ ಕೆಲಸ ಇಷ್ಟವೇ. ಗೋದಾಮಿನ ಒಂದು ತುದಿಯಲ್ಲಿ ಮೂಟೆಗಳನ್ನು ಗೋಡೆಗೆ ಒತ್ತಿ, ನಡುವೆ ಕುರ್ಚಿ ಹಾಕಿ ಸಭೆ ನಡೆಯುತ್ತಿತ್ತು. ಅಧ್ಯಕ್ಷರ ಮೇಜಿನ ಪಕ್ಕದಲ್ಲೇ ಆಕೆಯ ಮೇಜು. ಅಲ್ಲಿ ಕೂತರೆ ಊರಿಗೆ ಊರೇ ಎದುರಿಗೆ ಕಾಣುತ್ತದೆ. ಯಾರ ಮಾತಿಗೆ ಯಾರು ಮೂಗು ಮುರಿದರು, ಯಾರು ನಿದ್ದೆಯಲ್ಲೇ ತಲೆಯಾಡಿಸಿದರು, ಎಲ್ಲವೂ. ಅದನ್ನೆಲ್ಲ ಬರೆಯುವ ಹಾಗಿಲ್ಲ ಎನ್ನುವುದೊಂದೇ ಆಕೆಯ ಕೊರಗು. ಮಾತು ಎಷ್ಟೇ ಉದ್ದವಿರಲಿ, ಪುಸ್ತಕಕ್ಕೆ ಹೋಗುವುದು ಅದರ ತಿರುಳು. ಠರಾವು ಮಾತ್ರ ಅಕ್ಷರಕ್ಕೆ ಅಕ್ಷರ. ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಪರ ಎಷ್ಟು, ವಿರೋಧ ಎಷ್ಟು.

ಆ ವರ್ಷ ಸಭೆಗೆ ಬಂದ ದೊಡ್ಡ ವಿಷಯ ಆಲೂಗಡ್ಡೆ ಕೀಳುವ ಯಂತ್ರ. ಸಂಘದ ವತಿಯಿಂದ ಒಂದು ಕೊಳ್ಳಬೇಕೆಂದು ಸೂಚಿಸಿದವನು ಬೇರೆ ಯಾರೂ ಅಲ್ಲ, ಆಕೆಯ ಗಂಡ. ಒಂದು ವಾರದಿಂದ ಅಡುಗೆಮನೆಯಲ್ಲಿ ಭಾಷಣ ಅಭ್ಯಾಸ ಮಾಡಿದ್ದ. ಅವನ ಯಾವ ಮಾತಿನ ನಂತರ ಯಾವ ಮಾತು ಬರುತ್ತದೆಂದು ಆಕೆಗೆ ಬಾಯಿಪಾಠವಾಗಿತ್ತು. ಸಭೆಯಲ್ಲಿ ಅವನು ಎದ್ದು ನಿಂತಾಗ ಆಕೆಯ ಪೆನ್ನು ಅವನಿಗಿಂತ ಅರ್ಧ ಸಾಲು ಮುಂದೆಯೇ ಇತ್ತು.

ಅವನು ಕೂತದ್ದೇ ತಡ, ಗೋದಾಮು ಸಂತೆಯಾಯಿತು.

"ನಮ್ಮ ಹೊಲದ ದಾರೀಲಿ ಎತ್ತಿನಗಾಡಿನೇ ಉಸಿರು ಕಟ್ಟಿ ಹೋಗತ್ತೆ, ಆ ಆನೆ ಎಲ್ಲಿ ತೂರತ್ತೆ?"

"ಕೂಲಿಗೆ ಜನ ಸಿಗ್ತಾರಾ? ನೀನೇ ಬರ್ತೀಯಾ ಗಡ್ಡೆ ಕೀಳೋಕೆ?"

"ಮೊದಲು ಯಾರ ಹೊಲಕ್ಕೆ ಹೋಗತ್ತೆ ಅದನ್ನ ಹೇಳಿ!"

ಅಧ್ಯಕ್ಷರು ಮೇಜು ತಟ್ಟಿದರು. ಅವರು ಒಳ್ಳೆಯವರು, ಎಲ್ಲರಿಗೂ ಹೂಂ ಅನ್ನುವವರು. ಹಾಗಾಗಿ ಅವರು ತಟ್ಟಿದ್ದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಗದ್ದಲದಲ್ಲಿ ಮೂರನೇ ಸಾಲಿನಲ್ಲಿ ಒಬ್ಬರು ಎದ್ದು ನಿಂತಿದ್ದರು. ಅವರನ್ನು ಪಿಸುಮಾವ ಎನ್ನುತ್ತಿದ್ದರು. ದನಿ ಅಷ್ಟು ಮೆತ್ತಗೆ. ಅವರ ತುಟಿ ಅಲುಗುತ್ತಿತ್ತು, ಮಾತು ಮಾತ್ರ ಎರಡನೇ ಸಾಲನ್ನೂ ದಾಟುತ್ತಿರಲಿಲ್ಲ. ಹೇಳಬೇಕಾದದ್ದನ್ನು ಹೇಳಿದಂತೆ ತಲೆ ಆಡಿಸಿ ಅವರು ಕೂರಲು ಹೊರಟರು.

ಬರಹದಕ್ಕ ಪೆನ್ನು ಕೆಳಗಿಟ್ಟಳು.

"ಅಧ್ಯಕ್ಷರೇ, ಪಿಸುಮಾವ ಏನೋ ಹೇಳಿದ್ರು. ನಂಗೆ ಕೇಳಿಸ್ಲಿಲ್ಲ. ಕೇಳಿಸದೇ ಇದ್ದದ್ದನ್ನ ನಾನು ಹೇಗೆ ಬರೀಲಿ?"

ಅಧ್ಯಕ್ಷರಿಗೆ ಇದ್ದಕ್ಕಿದ್ದಂತೆ ಬಲ ಬಂತು. "ನೋಡ್ರಪ್ಪಾ, ಬರ್ಕೊಳ್ಳೋಕೇ ಆಗ್ತಿಲ್ಲ ಅಂತಾರೆ! ಎಲ್ಲಾ ಸುಮ್ನಿರಿ. ಮಾವ, ಮುಂದೆ ಬನ್ನಿ, ಇನ್ನೊಂದ್ಸಲ ಹೇಳಿ."

ಪಿಸುಮಾವ ಆಕೆಯ ಮೇಜಿನ ಹತ್ತಿರ ಬಂದರು. ಕಿವಿಯ ತುದಿ ಕೆಂಪಾಗಿತ್ತು. "ಏನಿಲ್ಲಮ್ಮಾ... ಕೊಳ್ಳೋದು ಬೇಡ ಅಂತ ನಾನು ಅನ್ನಲ್ಲ. ಈ ಬೆಳೆಗೆ ಬಾಡಿಗೆಗೆ ತರೋಣ. ನಮ್ಮ ಮಣ್ಣಿಗೆ, ನಮ್ಮ ದಾರಿಗೆ ಹೊಂದತ್ತಾ ನೋಡೋಣ. ಆಮೇಲೆ ಯೋಚನೆ ಮಾಡಿದ್ರಾಯ್ತು."

ಆಕೆ ಬರೆದುಕೊಂಡು ಜೋರಾಗಿ ಓದಿದಳು: "'ಯಂತ್ರವನ್ನು ಕೊಳ್ಳುವ ಬದಲು ಈ ಬೆಳೆಗೆ ಬಾಡಿಗೆಗೆ ತಂದು ಪರೀಕ್ಷಿಸುವುದು.' ಸರೀನಾ ಮಾವ?"

"ನಾನು ಹೇಳಿದ್ದಕ್ಕಿಂತ ಚೆನ್ನಾಗಿದೆ."

ಎಲ್ಲರೂ ನಕ್ಕರು. ಹಿಂದಿನಿಂದ ಹಾಲು ಮಾರುವವಳು, "ನಾನು ಅನುಮೋದಿಸ್ತೀನಿ" ಎಂದಳು. ಅಲ್ಲಿಗೆ ಅದು ತಿದ್ದುಪಡಿಯಾಯಿತು. ತಿದ್ದುಪಡಿ ಬಂದರೆ ಅದನ್ನೇ ಮೊದಲು ಮತಕ್ಕೆ ಹಾಕಬೇಕು. ಮೂಲ ಸೂಚನೆ ಕಾಯಬೇಕು. ಗಂಡ ಆಕೆಯನ್ನು ದುರುಗುಟ್ಟಿ ನೋಡಿದ. ಆಕೆ ಪುಟ ತಿರುಗಿಸಿದಳು.

ಮ್ಯಾನೇಜರು ಒಂದು ಕಡೆಯಿಂದ, ಒಬ್ಬ ನಿರ್ದೇಶಕರು ಇನ್ನೊಂದು ಕಡೆಯಿಂದ ಸಾಲು ಸಾಲಾಗಿ ಕೈ ಎಣಿಸಿದರು. ಪರ ನಲವತ್ತೊಂದು. ಕೈ ಇಳಿಸಿ, ವಿರೋಧ ಇರುವವರು ಎತ್ತಿ ಎಂದರು. ಅದೂ ನಲವತ್ತೊಂದು.

ಎಲ್ಲರ ಕಣ್ಣೂ ಅಧ್ಯಕ್ಷರ ಕಡೆ ತಿರುಗಿತು. ಮತ ಸಮಸಮವಾದರೆ ಅಧ್ಯಕ್ಷರು ನಿರ್ಣಾಯಕ ಮತ ಹಾಕಬೇಕು. ಎಲ್ಲರಿಗೂ ಹೂಂ ಅನ್ನುವ ಮನುಷ್ಯ ಯಾವ ಕಡೆಗೆ ಉಹೂಂ ಅಂದಾರು? ಅಧ್ಯಕ್ಷರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು.

"ಎಣಿಕೆ ಸರಿ ಇಲ್ಲ!" ಎಂದು ಯಾರೋ ಕೂಗಿದರು. "ಆ ಮೂಲೆಯವನು ಬೆನ್ನು ಕೆರ್ಕೊಳ್ಳೋಕೆ ಕೈ ಎತ್ತಿದ್ದು!"

"ಕೆರ್ಕೊಂಡೂ ಹೌದು, ಓಟು ಹಾಕಿದ್ದೂ ಹೌದು!" ಎಂದ ಆ ಮೂಲೆಯವನು.

ಅಧ್ಯಕ್ಷರು ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ ಮರುಎಣಿಕೆಗೆ ಒಪ್ಪಿದರು. ಈ ಸಲ ಸದಸ್ಯರ ಗುರುತಿನ ಚೀಟಿ ಹಿಡಿದೇ ಕೈ ಎತ್ತಬೇಕು. ಎಲ್ಲರೂ ಜೇಬು ತಡಕಿದರು.

ಬರಹದಕ್ಕನೂ ತನ್ನ ಚೀಲಕ್ಕೆ ಕೈ ಹಾಕಿದಳು. ಇಷ್ಟು ವರ್ಷ ಆಕೆ ಒಮ್ಮೆಯೂ ಕೈ ಎತ್ತಿರಲಿಲ್ಲ. ಬಲಗೈಯಲ್ಲಿ ಪೆನ್ನು, ಎಡಗೈ ಪುಟದ ಮೇಲೆ. ಎತ್ತಲು ಕೈ ಎಲ್ಲಿತ್ತು? ಆದರೆ ಅವತ್ತು ಪ್ರತಿಯೊಬ್ಬರ ಮಾತನ್ನೂ ಕೊನೆಯವರೆಗೆ ಕೇಳಿದವಳು ಆ ಗೋದಾಮಿನಲ್ಲಿ ತಾನೊಬ್ಬಳೇ ಎಂದು ಆಕೆಗೆ ಅನಿಸಿತು. ಬೆಳಗ್ಗೆ ಮನೆಯಿಂದ ಹೊರಡುವಾಗ ಗಂಡನ ಮಾತೇ ಸರಿ ಎಂದುಕೊಂಡಿದ್ದಳು. ಈಗ ಹಾಗೆ ಅನಿಸುತ್ತಿರಲಿಲ್ಲ.

ತಿದ್ದುಪಡಿಯ ಪರ ಇರುವವರು ಎಂದಾಗ ಆಕೆ ಚೀಟಿ ಹಿಡಿದ ಎಡಗೈ ಎತ್ತಿದಳು. ಗಾಳಿಗೆ ಪುಟ ಮಗುಚಲು ಹೊರಟಿತು. ಬಲ ಮೊಣಕೈಯಿಂದ ಒತ್ತಿ ಹಿಡಿದಳು.

"ಇದು ಆಗೋದಲ್ಲ!" ಗಂಡ ಎದ್ದು ನಿಂತ. "ಬರೆಯೋರು ಓಟು ಹಾಕೋ ಹಾಗಿಲ್ಲ!"

ಮ್ಯಾನೇಜರು ಸಂಘದ ನಿಯಮಗಳ ಪುಸ್ತಕ ಬಿಡಿಸಿದರು. "ಹಾಜರಿರೋ ಪ್ರತಿ ಸದಸ್ಯರಿಗೂ ಒಂದು ಮತ ಅಂತಿದೆ. ಬರೆಯೋರಿಗೆ ಇಲ್ಲ ಅಂತ ಎಲ್ಲೂ ಇಲ್ಲ."

"ಮನೇಲಿ ನನ್ನ ಭಾಷಣ ಕೇಳಿ ಚೆನ್ನಾಗಿದೆ ಅಂದ್ಯಲ್ಲೇ!"

"ಭಾಷಣ ಚೆನ್ನಾಗೇ ಇತ್ತು" ಎಂದಳು ಬರಹದಕ್ಕ, ಕೈ ಇಳಿಸದೆ.

ಮೂಟೆಗಳೂ ಅಲುಗುವ ಹಾಗೆ ಸಭೆ ನಕ್ಕಿತು. ಪರ ನಲವತ್ತೆರಡು, ವಿರೋಧ ನಲವತ್ತೊಂದು. ತಿದ್ದುಪಡಿ ಗೆದ್ದಿತು. ತಿದ್ದಿದ ಸೂಚನೆಯನ್ನು ಮತ್ತೆ ಮತಕ್ಕೆ ಹಾಕಿದಾಗ ಉಳಿದವರೂ ಮನಸ್ಸು ಬದಲಾಯಿಸಿದರು. ಬಾಡಿಗೆಗಾದರೂ ಯಂತ್ರ ಬರಲಿ ಎಂದು ಒಂದು ಕೈ ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ಆ ಒಂದು ಕೈಯ ಒಡೆಯ, "ನನ್ನ ವಿರೋಧ ದಾಖಲಾಗ್ಲಿ" ಎಂದ.

"ಆಗತ್ತೆ" ಎಂದು ಬರಹದಕ್ಕ ಗಂಡನ ಹೆಸರನ್ನು ದುಂಡಗೆ ಬರೆದಳು. ಕೊನೆಯಲ್ಲಿ ಠರಾವುಗಳನ್ನು ಓದಿ ಹೇಳಿದಳು, ಅಧ್ಯಕ್ಷರು ನಿಟ್ಟುಸಿರುಬಿಟ್ಟು ಸಹಿ ಹಾಕಿದರು.

ದಾರಿಯುದ್ದಕ್ಕೂ ಗಂಡ ಆಕೆಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದ. ಮನೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, "ಪಿಸುಮಾವನ ಮಾತಲ್ಲಿ ಅರ್ಥ ಇತ್ತು ಬಿಡು" ಎಂದ. "ಅದನ್ನ ಮಾತ್ರ ಎಲ್ಲೂ ಬರೀಬೇಡ."

ಬಾಡಿಗೆಗೆ ಬಂದ ಯಂತ್ರ ಗಡ್ಡೆಯನ್ನೇನೋ ಚೆನ್ನಾಗಿ ಕಿತ್ತಿತು, ಆದರೆ ಹೊಲದ ತುದಿಯಲ್ಲಿ ತಿರುಗಲು ಜಾಗ ಸಾಲದೆ ಬದುಗಳನ್ನೆಲ್ಲ ತುಳಿದು ಹಾಕಿತು. ಮುಂದಿನ ವರ್ಷ ಸಂಘ ಅದರ ಅರ್ಧದಷ್ಟು ಅಗಲದ್ದನ್ನು ಕೊಂಡಿತು. ಸೂಚಿಸಿದವರು ಪಿಸುಮಾವ, ಅನುಮೋದಿಸಿದವನು ಬರಹದಕ್ಕನ ಗಂಡ.

ಆ ಸಭೆಯಲ್ಲೇ ಆಕೆ ಕೇಳಿಕೊಂಡಳು: ಇನ್ನು ಮೇಲೆ ನಡಾವಳಿಯನ್ನು ಎಲ್ಲರೂ ಸರದಿಯ ಮೇಲೆ ಬರೆಯಲಿ, ತಾನೂ ಒಂದಿಷ್ಟು ಮಾತಾಡಬೇಕು. ಸಭೆ ಒಪ್ಪಿತು. ಮೊದಲ ಸರದಿಗೆ ಗಂಡನೇ ಮುಂದೆ ಬಂದ, ಅದರಲ್ಲೇನು ಮಹಾ ಎಂದು. ಬರಹದಕ್ಕ ಮೂರನೇ ಸಾಲಿನಲ್ಲಿ ಆರಾಮಾಗಿ ಕೂತು, ನೀರಾವರಿ ಕಾಲುವೆಯ ಬಗ್ಗೆ ಮಾತು ಶುರು ಮಾಡಿದಳು. ಎರಡು ಮಾತು ಆಡಿದ್ದಳೋ ಇಲ್ಲವೋ, ಆಚೀಚೆಯವರೆಲ್ಲ ಒಟ್ಟಿಗೇ ಬಾಯಿ ಹಾಕಿದರು. ಗಂಡ ಪೆನ್ನು ಮೇಲಕ್ಕೆತ್ತಿ, ಬೆವರುತ್ತಾ ಕೂಗಿದ:

"ಒಬ್ಬೊಬ್ರಾಗಿ ಮಾತಾಡ್ರಪ್ಪಾ! ನಂಗಿರೋದು ಒಂದೇ ಕೈ!"